ಕಂತು ವರ್ಷದ ಮೊದಲಿಗಾ, ಕೊನೆಗಾ: ಆನ್ಯುಟಿ ಲೆಕ್ಕದಲ್ಲಿ ಆ 1.10 ಎಲ್ಲಿಂದ ಬರತ್ತೆ?

ಪ್ರಶ್ನೆ: ಸರ್, ವರ್ಷಕ್ಕೆ 10,000, ಐದು ವರ್ಷ, ಬಡ್ಡಿ 10%. ಪ್ರೆಸೆಂಟ್ ವ್ಯಾಲ್ಯೂ ನಂಗೆ 37,908 ಬಂತು, ಆದ್ರೆ ಉತ್ತರದಲ್ಲಿ 41,699 ಅಂತ ಇದೆ. ಕಾರಣ ಕೇಳಿದ್ರೆ "ಇದು ಆನ್ಯುಟಿ ಡ್ಯೂ, 1.10ರಿಂದ ಗುಣಿಸಿ" ಅಂತಾರೆ ಅಷ್ಟೇ. ಫ್ಯೂಚರ್ ವ್ಯಾಲ್ಯೂನ ಗುಣಿಸೋದು ಅರ್ಥ ಆಗತ್ತೆ, ಒಂದು ವರ್ಷ ಜಾಸ್ತಿ ಬಡ್ಡಿ ಬರತ್ತೆ. ಆದ್ರೆ ಪ್ರೆಸೆಂಟ್ ವ್ಯಾಲ್ಯೂ ಅಂದ್ರೆ ಭಾಗಿಸೋದು ತಾನೇ, ಅಲ್ಲೂ ಯಾಕೆ ಗುಣಿಸ್ಬೇಕು? ಯಾವ ಲೆಕ್ಕ ಆರ್ಡಿನರಿ, ಯಾವ್ದು ಡ್ಯೂ ಅಂತ ಕಂಡುಹಿಡಿಯೋದು ಹೇಗೆ?

ಉತ್ತರ: ಅಲ್ಲಿ ಗುಣಿಸ್ತಿರೋದು ಬಡ್ಡಿ ಸೇರಿಸೋಕಲ್ಲ. ಆರ್ಡಿನರಿ ಫಾರ್ಮುಲಾ ಹಾಕಿದಾಗ ಪ್ರತಿ ಕಂತನ್ನೂ ನೀವು ಒಂದ್ಸಲ ಜಾಸ್ತಿ ಭಾಗಿಸಿಬಿಟ್ಟಿದ್ದೀರ, ಆ ಜಾಸ್ತಿ ಭಾಗಾಕಾರವನ್ನ ವಾಪಸ್ ತಗೊಳ್ಳೋಕೆ ಗುಣಿಸ್ತಿರೋದು. 1.10ರಿಂದ ಒಂದ್ಸಲ ಭಾಗಿಸಿದ್ದನ್ನ ರದ್ದು ಮಾಡೋಕೆ 1.10ರಿಂದ ಒಂದ್ಸಲ ಗುಣಿಸೋದು ಬಿಟ್ರೆ ಬೇರೆ ದಾರಿ ಇಲ್ಲ. ಇದನ್ನ ಬಾಯಲ್ಲಿ ಹೇಳಿದ್ರೆ ಪೂರ್ತಿ ನಂಬಿಕೆ ಬರಲ್ಲ, ಹಾಗಾಗಿ ನಿಮ್ಮ ಲೆಕ್ಕವನ್ನೇ ಫಾರ್ಮುಲಾ ಇಲ್ಲದೆ ಒಂದೊಂದೇ ಕಂತು ಬಿಡಿಸಿ ನೋಡೋಣ.

ಮೊದಲು ನಿಮಗೆ ಬಂದ 37,908 ತಗೊಳ್ಳಿ. ಅದರೊಳಗೆ ಕೂತಿರೋ ಊಹೆ ಏನಂದ್ರೆ, ಇವತ್ತು ಏನೂ ಕಟ್ಟಲ್ಲ, ಮೊದಲ 10,000 ಇವತ್ತಿಂದ ಒಂದು ವರ್ಷ ಆದ್ಮೇಲೆ, ಎರಡನೇದು ಎರಡು ವರ್ಷ ಆದ್ಮೇಲೆ, ಹೀಗೆ ಕೊನೇದು ಐದು ವರ್ಷ ಮುಗಿದ ದಿನ. ಮೊದಲನೇದನ್ನ 1.10ರಿಂದ ಒಂದ್ಸಲ ಭಾಗಿಸಿದ್ರೆ 9,090.91, ಎರಡನೇದನ್ನ ಎರಡು ಸಲ ಭಾಗಿಸಿದ್ರೆ 8,264.46, ಆಮೇಲೆ 7,513.15, 6,830.13, ಕೊನೇದು ಐದು ಸಲ ಭಾಗಿಸಿದ್ಮೇಲೆ 6,209.21. ಐದನ್ನೂ ಕೂಡಿಸಿದ್ರೆ 37,907.87 (ಪೈಸೆ ಲೆಕ್ಕದಲ್ಲಿ ಕೊನೆ ಅಂಕಿ ರೌಂಡಿಂಗಿಂದ ಒಂದು ಆಚೆ ಈಚೆ ಆಗತ್ತೆ, ತಲೆ ಕೆಡಿಸ್ಕೋಬೇಡಿ). ಇದು ಆರ್ಡಿನರಿ ಆನ್ಯುಟಿ.

ಈಗ ಅದೇ ಐದು ಕಂತು, ಆದ್ರೆ ಪ್ರತಿ ವರ್ಷದ ಮೊದಲ ದಿನ ಕಟ್ಟೋದು ಅಂದ್ಕೊಳ್ಳಿ. ಮೊದಲ ಕಂತು ಇವತ್ತೇ, ಅಂದ್ರೆ ಅದನ್ನ ಭಾಗಿಸೋ ಮಾತೇ ಇಲ್ಲ, ಅದು 10,000 ಆಗೇ ಉಳಿಯತ್ತೆ. ಎರಡನೇದು ಒಂದು ವರ್ಷದ ನಂತರ, ಅದಕ್ಕೆ 9,090.91, ಆಮೇಲೆ 8,264.46, 7,513.15, 6,830.13. ಕೂಡಿಸಿದ್ರೆ 41,698.65. ಇದು ಆನ್ಯುಟಿ ಡ್ಯೂ.

ಎರಡೂ ಪಟ್ಟಿನ ಅಕ್ಕಪಕ್ಕ ಇಟ್ಟು ನೋಡಿ, ಮಧ್ಯದ ನಾಲ್ಕು ಅಂಕಿ ಹಾಗ್ಹಾಗೇ ಇವೆ. ಕೊನೇ ತುದೀಲಿದ್ದ 6,209.21 ಹೋಗಿದೆ, ಮೊದಲ ತುದೀಲಿ 10,000 ಬಂದಿದೆ, ಎರಡರ ವ್ಯತ್ಯಾಸ 3,790.79, ಅದೇ 41,698.65ಕ್ಕೂ 37,907.87ಕ್ಕೂ ಇರೋ ಅಂತರ. ಇನ್ನೊಂದು ಥರ ನೋಡಿದ್ರೆ ಎರಡನೇ ಪಟ್ಟೀಲಿರೋ ಪ್ರತಿ ಅಂಕಿನೂ ಮೊದಲ ಪಟ್ಟೀಲಿ ಅದೇ ಜಾಗದಲ್ಲಿರೋ ಅಂಕಿಯ 1.10 ಪಟ್ಟು. 9,090.91 ಇದ್ದದ್ದು 10,000 ಆಯ್ತು, 8,264.46 ಇದ್ದದ್ದು 9,090.91 ಆಯ್ತು. ಎಲ್ಲಾ ಕಂತುಗಳೂ ಇವತ್ತಿಗೆ ಒಂದು ವರ್ಷ ಹತ್ರ ಬಂದ್ವು, ಹಾಗಾಗಿ ಪ್ರತಿಯೊಂದರಲ್ಲೂ ಒಂದು ಭಾಗಾಕಾರ ಕಮ್ಮಿ ಆಯ್ತು. ಎಲ್ಲದಕ್ಕೂ ಒಂದೇ ಪ್ರಮಾಣದಲ್ಲಿ ಕಮ್ಮಿ ಆಗಿರೋದ್ರಿಂದ ಒಂದೊಂದಾಗಿ ಮಾಡೋ ಬದಲು ಒಟ್ಟು ಮೊತ್ತವನ್ನೇ 1.10ರಿಂದ ಗುಣಿಸಿದ್ರೆ ಸಾಕು, ಅಷ್ಟೇ ಆ ಶಾರ್ಟ್‌ಕಟ್.

ಫ್ಯೂಚರ್ ವ್ಯಾಲ್ಯೂನಲ್ಲೂ ಇದೇ ಕಥೆ, ನೀವು ಸರಿಯಾಗೇ ಹಿಡಿದಿದ್ದೀರ. ಐದನೇ ವರ್ಷದ ಕೊನೇಲಿ ನಿಂತು ನೋಡಿದ್ರೆ ಆರ್ಡಿನರಿಯಲ್ಲಿ ಮೊದಲ ಕಂತು ನಾಲ್ಕು ವರ್ಷ ಬೆಳೆದು 14,641 ಆಗಿರತ್ತೆ, ಕೊನೇ ಕಂತು ಅದೇ ದಿನ ಬಂದಿರೋದ್ರಿಂದ ಬಡ್ಡಿನೇ ಇಲ್ಲದೆ 10,000, ಒಟ್ಟು 61,051. ಡ್ಯೂನಲ್ಲಿ ಮೊದಲನೇದು ಐದು ವರ್ಷ ಬೆಳೆದು 16,105.10, ಕೊನೇದಕ್ಕೂ ಒಂದು ವರ್ಷದ ಬಡ್ಡಿ ಸಿಕ್ಕಿ 11,000, ಒಟ್ಟು 67,156.10. ಇದೂ ಸರಿಯಾಗಿ 1.10 ಪಟ್ಟು. ಫಾರ್ಮುಲಾ ಬೇಕು ಅಂದ್ರೆ ಇಷ್ಟೇ, PMT ಅಂದ್ರೆ ಒಂದು ಕಂತಿನ ಮೊತ್ತ, r ಅಂದ್ರೆ ಒಂದು ಅವಧಿಯ ಬಡ್ಡಿ ದರ, n ಅಂದ್ರೆ ಕಂತುಗಳ ಸಂಖ್ಯೆ:

```
PV (ordinary) = PMT × [1 − (1+r)^−n] / r
FV (ordinary) = PMT × [(1+r)^n − 1] / r
PV (due) = PV (ordinary) × (1+r)
FV (due) = FV (ordinary) × (1+r)
```

ಇಲ್ಲಿವರೆಗೆ ಎಲ್ಲಾ ಪುಸ್ತಕದಲ್ಲೂ ಸಿಗತ್ತೆ. ಆದ್ರೆ ಜನ ನಿಜವಾಗ್ಲೂ ಎಡವೋ ಜಾಗ ಬೇರೆ, ನಿಮ್ಮ ಎರಡನೇ ಪ್ರಶ್ನೆಗೆ ಉತ್ತರನೂ ಅಲ್ಲೇ ಇದೆ.

ನೋಡಿ, ಮೊದಲನೇ ವರ್ಷದ ಕೊನೇ ದಿನದ ರಾತ್ರಿ ಹನ್ನೆರಡು ಗಂಟೆ, ಎರಡನೇ ವರ್ಷದ ಮೊದಲ ದಿನ ಶುರುವಾಗೋ ಹೊತ್ತು, ಎರಡೂ ಒಂದೇ ಬಿಂದು. ಕಾಲದ ಗೆರೆ ಎಳೆದು 0, 1, 2, 3 ಅಂತ ಗುರುತು ಹಾಕಿದ್ರೆ "ವರ್ಷದ ಕೊನೆಗೆ" ಅನ್ನೋದೂ "ಮುಂದಿನ ವರ್ಷದ ಮೊದಲಿಗೆ" ಅನ್ನೋದೂ ಒಂದೇ ಗುರುತಿನ ಮೇಲೆ ಬೀಳತ್ತೆ. ಹಾಗಾದ್ರೆ ಸುಮ್ನೆ ಒಂದು ಕಂತುಗಳ ಸಾಲನ್ನ ಮಾತ್ರ ತೋರಿಸಿ ಇದು ಆರ್ಡಿನರಿನೋ ಡ್ಯೂನೋ ಅಂತ ಕೇಳಿದ್ರೆ ಉತ್ತರನೇ ಇಲ್ಲ. ನೀವು ಯಾವ ಗುರುತಿನ ಮೇಲೆ ನಿಂತು ಬೆಲೆ ಕಟ್ತಿದ್ದೀರ ಅನ್ನೋದು ಗೊತ್ತಾದ್ಮೇಲೆ ಮಾತ್ರ ಅದಕ್ಕೆ ಹೆಸರು ಬರತ್ತೆ. ಪ್ರೆಸೆಂಟ್ ವ್ಯಾಲ್ಯೂಗೆ ಆರ್ಡಿನರಿ ಫಾರ್ಮುಲಾ ಕೊಡೋ ಉತ್ತರ ಮೊದಲ ಕಂತಿಗಿಂತ ಸರಿಯಾಗಿ ಒಂದು ಅವಧಿ ಹಿಂದಿನ ಗುರುತಿಗೆ ಸೇರಿದ್ದು. ಡ್ಯೂ ಫಾರ್ಮುಲಾ ಕೊಡೋದು ಮೊದಲ ಕಂತು ಕಟ್ಟೋ ಗುರುತಿನ ಮೇಲೇ, ಆ ಕಂತನ್ನೂ ಸೇರಿಸಿ. ಫ್ಯೂಚರ್ ವ್ಯಾಲ್ಯೂಗೆ ಬಂದ್ರೆ ಆರ್ಡಿನರಿ ಉತ್ತರ ಕೊನೇ ಕಂತು ಬಿದ್ದ ಗುರುತಿನದ್ದು, ಡ್ಯೂ ಉತ್ತರ ಅದಾದ್ಮೇಲೆ ಒಂದು ಅವಧಿ ಮುಂದಿನದ್ದು. ನನ್ನ ಪ್ರಕಾರ ಈ ನಾಲ್ಕು ಜಾಗ ನೆನಪಿದ್ರೆ ಫಾರ್ಮುಲಾ ಮರೆತ್ರೂ ನಡೆಯತ್ತೆ, ಫಾರ್ಮುಲಾ ನೆನಪಿದ್ದು ಜಾಗ ಮರೆತ್ರೆ ನಡೆಯಲ್ಲ.

ಒಂದು ಉದಾಹರಣೆ. ಮೊದಲ ಕಂತು ಇವತ್ತಿಂದ ಮೂರು ವರ್ಷ ಆದ್ಮೇಲೆ ಶುರು, ಒಟ್ಟು ಐದು ಕಂತು, ಇವತ್ತಿನ ಬೆಲೆ ಎಷ್ಟು? ಇದು ಎರಡರಲ್ಲಿ ಯಾವ್ದೂ ಅಲ್ವಲ್ಲ ಅಂತ ತುಂಬಾ ಜನ ಸಿಕ್ಕಿಹಾಕ್ಕೋತಾರೆ. ಆರ್ಡಿನರಿ ಫಾರ್ಮುಲಾ ಹಾಕಿದ್ರೆ 37,907.87 ಬರತ್ತೆ, ಆದ್ರೆ ಅದು ಮೊದಲ ಕಂತಿಗಿಂತ ಒಂದು ವರ್ಷ ಹಿಂದಿನದ್ದು, ಅಂದ್ರೆ ಗುರುತು 2ರ ಬೆಲೆ. ಅಲ್ಲಿಂದ ಇವತ್ತಿಗೆ ತರೋಕೆ ಇನ್ನೆರಡು ಸಲ ಭಾಗಿಸಿದ್ರೆ 31,328.82. ಡ್ಯೂ ಫಾರ್ಮುಲಾನೇ ಇಷ್ಟ ಅಂದ್ರೆ ಅದೂ ಆಗತ್ತೆ, 41,698.65 ಗುರುತು 3ರ ಬೆಲೆ, ಮೂರು ಸಲ ಭಾಗಿಸಿ, ಅದೇ 31,328.82 ಬರತ್ತೆ. ಮೂರು ವರ್ಷ ಅಂತ ಇದೆ ಅಂತ ಕಣ್ಣುಮುಚ್ಚಿ 37,907.87ನ ಮೂರು ಸಲ ಭಾಗಿಸಿದವರ ಉತ್ತರ ಮಾತ್ರ ತಪ್ಪು.

ಇದಕ್ಕಿಂತ ದುಬಾರಿ ತಪ್ಪು ಆಗೋದು ಉಳಿತಾಯ ಮುಗಿದು ತೆಗೆಯೋದು ಶುರುವಾಗೋ ಕಡೆ. ನಿವೃತ್ತಿ ಪ್ಲಾನಿಂಗ್ ಲೆಕ್ಕಗಳಲ್ಲಿ ನಾನು ಅತಿ ಹೆಚ್ಚು ನೋಡೋ ತಪ್ಪು ಇದೇ, ಸ್ವಲ್ಪ ನಿಧಾನವಾಗಿ ನೋಡೋಣ. ಒಬ್ರು ಐದು ವರ್ಷ ಪ್ರತಿ ವರ್ಷದ ಮೊದಲ ದಿನ 10,000 ಹಾಕ್ತಾರೆ, ಅಂದ್ರೆ ಗುರುತು 0, 1, 2, 3, 4ರಲ್ಲಿ. ಗುರುತು 5ರಿಂದ ಶುರು ಮಾಡಿ ನಾಲ್ಕು ವರ್ಷ, ಪ್ರತಿ ವರ್ಷದ ಮೊದಲ ದಿನ, ಸಮ ಮೊತ್ತ ತೆಗೀತಾರೆ, ಅಂದ್ರೆ 5, 6, 7, 8ರಲ್ಲಿ. ಬಡ್ಡಿ ಪೂರ್ತಿ 10%. ಪ್ರತಿ ಸಲ ಎಷ್ಟು ತೆಗೀಬಹುದು?

ಡ್ಯೂ ದಾರೀಲಿ ಹೋದ್ರೆ ಗುರುತು 5ರಲ್ಲಿ ಕೈಲಿರೋದು 67,156.10. ಮೊದಲ ತೆಗೆಯೋದೂ ಗುರುತು 5ರಲ್ಲೇ, ಹಾಗಾಗಿ ಅದಕ್ಕೂ ಡ್ಯೂ ಫ್ಯಾಕ್ಟರ್ ಬೇಕು, ಫ್ಯಾಕ್ಟರ್ ಅಂದ್ರೆ ಕಂತು ಒಂದು ರೂಪಾಯಿ ಆದ್ರೆ ಬರೋ ಪ್ರೆಸೆಂಟ್ ವ್ಯಾಲ್ಯೂ. ನಾಲ್ಕು ಕಂತಿನ ಆರ್ಡಿನರಿ ಫ್ಯಾಕ್ಟರ್ 3.169865, ಅದನ್ನ 1.10ರಿಂದ ಗುಣಿಸಿದ್ರೆ 3.486852. 67,156.10ನ ಇದರಿಂದ ಭಾಗಿಸಿದ್ರೆ 19,259.81.

ಈಗ ಆರ್ಡಿನರಿ ದಾರೀಲಿ ಹೋಗಿ. ಗುರುತು 4ರಲ್ಲಿ, ಕೊನೇ ಕಂತು ಹಾಕಿದ ತಕ್ಷಣ, ಕೈಲಿರೋದು 61,051. ಅಲ್ಲಿಂದ ನೋಡಿದ್ರೆ ಮೊದಲ ತೆಗೆಯೋದು ಒಂದು ವರ್ಷ ಮುಂದೆ ಇದೆ, ಸೊ ಆರ್ಡಿನರಿ ಫ್ಯಾಕ್ಟರ್ 3.169865ರಿಂದ ಭಾಗಿಸಿ. ಮತ್ತೆ 19,259.81. ಹಣ ಬಂದ ದಿನ ಹೋದ ದಿನ ಯಾವ್ದೂ ಬದಲಾಗಿಲ್ಲ, ನಾವು ನಿಂತ ಗುರುತು 5ರಿಂದ 4ಕ್ಕೆ ಬಂತು ಅಷ್ಟೇ, ಹಾಗಾಗಿ ಉತ್ತರನೂ ಬದಲಾಗ್ಬಾರ್ದು, ಆಗಿಲ್ಲ.

ತಪ್ಪು ಹೇಗಾಗತ್ತೆ ಅಂದ್ರೆ, ಉಳಿತಾಯದ ಕಡೆ "ವರ್ಷದ ಮೊದಲಿಗೆ" ಅಂತ ನೋಡಿ ಡ್ಯೂ ಹಾಕ್ತಾರೆ, 67,156.10 ಬರತ್ತೆ, ಆಮೇಲೆ ತೆಗೆಯೋ ಕಡೆ ಅಭ್ಯಾಸಬಲದಿಂದ ಆರ್ಡಿನರಿ ಫ್ಯಾಕ್ಟರಿಂದ ಭಾಗಿಸ್ತಾರೆ. 21,185.79 ಬರತ್ತೆ, ವರ್ಷಕ್ಕೆ ಸುಮಾರು ಎರಡು ಸಾವಿರ ಜಾಸ್ತಿ, ನೋಡೋಕೂ ಚೆನ್ನಾಗಿರತ್ತೆ, ಯಾರಿಗೂ ಅನುಮಾನ ಬರಲ್ಲ. ನಡೆಸಿ ನೋಡಿ. ಗುರುತು 5ರಲ್ಲಿ 21,185.79 ತೆಗೆದ್ರೆ 45,970.31 ಉಳಿಯತ್ತೆ, ಬಡ್ಡಿ ಸೇರಿ ಗುರುತು 6ರಲ್ಲಿ 50,567.34. ಅಲ್ಲಿ ತೆಗೆದು ಮತ್ತೆ ಒಂದು ವರ್ಷ ಬಿಟ್ರೆ 32,319.71. ಗುರುತು 7ರಲ್ಲೂ ತೆಗೆದ್ಮೇಲೆ 11,133.92 ಉಳಿದು ಗುರುತು 8ರ ಹೊತ್ತಿಗೆ 12,247.31 ಆಗತ್ತೆ, ಆದ್ರೆ ಅವತ್ತು ಬೇಕಿರೋದು 21,185.79. ಸುಮಾರು 8,938 ಖೋತಾ. ತಪ್ಪು ಆಗಿದ್ದು ಮೊದಲ ದಿನ, ಗೊತ್ತಾಗೋದು ಕೊನೇ ದಿನ, ಅಷ್ಟೊತ್ತಿಗೆ ಸರಿಮಾಡೋಕೆ ಏನೂ ಉಳಿದಿರಲ್ಲ. ಅದಕ್ಕೇ ನಾನು ಯಾವುದೇ ಲೆಕ್ಕ ಮುಗಿದ್ಮೇಲೆ ಹೀಗೆ ಒಂದ್ಸಲ ಸಾಲು ಸಾಲಾಗಿ ಓಡಿಸಿ ನೋಡ್ತೀನಿ, ಕೊನೇ ಸಾಲಲ್ಲಿ ಸೊನ್ನೆ ಬಂದ್ರೆ ಸರಿ, ಏನಾದ್ರೂ ಉಳಿದ್ರೆ ಅಥವಾ ಕಮ್ಮಿ ಬಿದ್ರೆ ಎಲ್ಲೋ ಒಂದು ಅವಧಿ ಜಾರಿದೆ ಅಂತ ಅರ್ಥ.

ಇನ್ನು ಈ ವ್ಯತ್ಯಾಸ ಎಷ್ಟು ದೊಡ್ಡದು ಅನ್ನೋ ವಿಷಯ. "10% ಬಡ್ಡಿಗೆ 10% ವ್ಯತ್ಯಾಸ" ಅಂತ ಶೇಕಡಾದಲ್ಲಿ ಹೇಳೋದು ಸುಲಭ, ಆದ್ರೆ ಹಣದ ಲೆಕ್ಕದಲ್ಲಿ ಪ್ರೆಸೆಂಟ್ ವ್ಯಾಲ್ಯೂ ಮತ್ತೆ ಫ್ಯೂಚರ್ ವ್ಯಾಲ್ಯೂ ಎರಡೂ ಬೇರೆ ಬೇರೆ ಥರ ನಡ್ಕೊಳ್ತವೆ. ಪ್ರೆಸೆಂಟ್ ವ್ಯಾಲ್ಯೂನಲ್ಲಿ ಆಗೋದು ಏನು ಅಂತ ಮೇಲೆ ನೋಡಿದ್ವಲ್ಲ, ದೂರದ ತುದಿಯ ಒಂದು ಕಂತಿನ ಇವತ್ತಿನ ಬೆಲೆ ಹೋಗಿ ಹತ್ರದ ತುದೀಲಿ ಪೂರ್ತಿ ಒಂದು ಕಂತು ಬರತ್ತೆ. ಹಾಗಾಗಿ ಕಂತು ಎಷ್ಟೇ ವರ್ಷ ಇರ್ಲಿ, ವ್ಯತ್ಯಾಸ ಒಂದು ಕಂತನ್ನ ಯಾವತ್ತೂ ದಾಟಲ್ಲ. ಕೊನೆಯೇ ಇಲ್ಲದ ಕಂತುಗಳು ಅಂದ್ರೆ ಪರ್ಪೆಚುಯಿಟಿ ತಗೊಂಡ್ರೆ ಹೋಗೋಕೆ ದೂರದ ತುದಿನೇ ಇರಲ್ಲ, ಆಗ ವ್ಯತ್ಯಾಸ ಸರಿಯಾಗಿ ಒಂದು ಕಂತು, ನಮ್ಮ 10,000 ಕಂತು, 10% ಬಡ್ಡಿಗೆ ಆರ್ಡಿನರಿ 1,00,000 ಆದ್ರೆ ಡ್ಯೂ 1,10,000.

ಫ್ಯೂಚರ್ ವ್ಯಾಲ್ಯೂನಲ್ಲಿ ಅಂಥ ಮಿತಿ ಇಲ್ಲ. ಅಲ್ಲಿ ಬಡ್ಡಿ ಇಲ್ಲದೆ ಕೂತಿದ್ದ ಕೊನೇ ಕಂತು ಹೋಗಿ, ಅದರ ಜಾಗಕ್ಕೆ ಪೂರ್ತಿ n ಅವಧಿ ಬೆಳೆದ ಮೊದಲ ಕಂತು ಬರತ್ತೆ. ತಿಂಗಳಿಗೆ 5,000, ತಿಂಗಳ ಬಡ್ಡಿ 1%, 240 ತಿಂಗಳು ಅಂದ್ರೆ ತಿಂಗಳ ಕೊನೆಗೆ ಹಾಕಿದವರಿಗೆ ಸುಮಾರು 49,46,277, ಮೊದಲಿಗೆ ಹಾಕಿದವರಿಗೆ ಸುಮಾರು 49,95,740. ಅಂತರ 49,463, ಅಂದ್ರೆ ಹತ್ತತ್ರ ಹತ್ತು ಕಂತು. ಒಟ್ಟು ಮೊತ್ತದ ಪಕ್ಕ ಇಟ್ರೆ ಬರೀ 1% ಅಷ್ಟೇ ನಿಜ, ಹಾಗಾಗಿ ತಿಂಗಳ ಕಂತಲ್ಲಿ ಮೊದಲಿಗಾ ಕೊನೆಗಾ ಅಂತ ಯೋಚಿಸಿ ನಿದ್ದೆಗೆಡೋ ಅಗತ್ಯ ಇಲ್ಲ ಅನ್ನೋದು ನನ್ನ ಅಭಿಪ್ರಾಯ. ಕಂತು ವರ್ಷಕ್ಕೊಮ್ಮೆ ಇದ್ದು ಬಡ್ಡಿ ಜಾಸ್ತಿ ಇದ್ದಾಗ ಅದು ನಿಜವಾಗ್ಲೂ ನೋವು ಕೊಡತ್ತೆ.

ತಿಂಗಳ ಕಂತಿನ ಮಾತು ಬಂದಾಗ ಒಂದು ಎಚ್ಚರಿಕೆ ಹೇಳ್ಬಿಡ್ತೀನಿ. ವರ್ಷದ ಬಡ್ಡಿ 12%, ಕಂತು ತಿಂಗಳಿಗೊಮ್ಮೆ ಅಂತ ಇದ್ದಾಗ ಡ್ಯೂಗೆ 1.12ರಿಂದ ಗುಣಿಸೋರು ತುಂಬಾ ಜನ. ಕಂತು ಜರುಗಿದ್ದು ಒಂದು ತಿಂಗಳು, ವರ್ಷ ಅಲ್ಲ, ಸೊ ಗುಣಿಸ್ಬೇಕಾದ್ದು ತಿಂಗಳ ದರದಿಂದ, 1.01. ಮತ್ತೆ ಈ ಒಂದೇ ಗುಣಾಕಾರದ ಶಾರ್ಟ್‌ಕಟ್ ನಡೆಯೋದು ಎಲ್ಲಾ ಅವಧಿಗೂ ಬಡ್ಡಿ ದರ ಒಂದೇ ಇದ್ದಾಗ ಮಾತ್ರ. ಮೊದಲ ವರ್ಷ 8%, ಆಮೇಲೆ 10% ಅಂತ ಬದಲಾಗೋ ದರ ಇದ್ರೆ ಒಂದೊಂದು ಕಂತಿಗೂ ಬೇರೆ ಬೇರೆ ದರದ ಭಾಗಾಕಾರ ಕಮ್ಮಿ ಆಗತ್ತೆ, ಆಗ ಒಂದೊಂದೇ ಕಂತು ಬಿಡಿಸಿ ಮಾಡೋದೇ ಗತಿ.

ಇಲ್ಲಿವರೆಗೆ ಕಂತು ಗೊತ್ತಿತ್ತು, ಬೆಲೆ ಹುಡುಕ್ತಿದ್ವಿ. ತಿರುಗಿಸಿ ಬೆಲೆ ಗೊತ್ತಿದ್ದು ಕಂತು ಹುಡುಕೋವಾಗ ದಿಕ್ಕೂ ತಿರುಗತ್ತೆ, ಇದನ್ನ ಸರಿಯಾಗಿ ಗಮನಿಸಿ. 1,00,000 ಬೆಲೆಯ ಒಂದು ಮೆಷೀನ್ ಲೀಸಿಗೆ ಅಂದ್ಕೊಳ್ಳಿ, 10%, ಐದು ವಾರ್ಷಿಕ ಕಂತು, ಕೊನೇಲಿ ಮೆಷೀನಿಗೆ ಏನೂ ಬೆಲೆ ಉಳಿಯಲ್ಲ. ವರ್ಷದ ಕೊನೆಗೆ ಕಟ್ಟೋದಾದ್ರೆ ಕಂತು 26,379.75. ವರ್ಷದ ಮೊದಲಿಗೆ ಕಟ್ಟೋದಾದ್ರೆ ಅದನ್ನ 1.10ರಿಂದ ಭಾಗಿಸ್ಬೇಕು, 23,981.59. ಬೇಗ ಕಟ್ತೀವಿ ಅಂದ್ರೆ ಕಂತು ಕಮ್ಮಿ ಆಗ್ಲೇಬೇಕು. ಡ್ಯೂ ಅಂದ ತಕ್ಷಣ ಗುಣಿಸೋದು ಅಂತ ಬಾಯಿಪಾಠ ಮಾಡ್ಕೊಂಡವರು ಇಲ್ಲಿ 29,018 ಅಂತ ಬರೀತಾರೆ, ಬೇಗ ಕಟ್ಟಿದ್ದಕ್ಕೆ ದಂಡ ಹಾಕಿದ ಹಾಗೆ.

ಇದರಲ್ಲೇ ಒಂದು ಹಳೇ ಚಾಲಾಕಿನೂ ಇದೆ. ಕಂತನ್ನ ಲೆಕ್ಕ ಹಾಕೋದು ವರ್ಷದ ಕೊನೆಗೆ ಅನ್ನೋ ಊಹೆ ಮೇಲೆ, 26,379.75, ಕಾಗದದಲ್ಲಿ ಬಡ್ಡಿ 10% ಅಂತ ಬರೆಯೋದು, ಆದ್ರೆ "ಮೊದಲ ಕಂತು ಸಹಿ ಹಾಕೋ ದಿನವೇ" ಅಂತ ಒಂದು ಸಾಲು ಸೇರಿಸೋದು. ಕಂತಿನ ಮೊತ್ತ ಅದೇ, ಸಂಖ್ಯೆ ಅದೇ, ಏನು ಮಹಾ ಅನ್ಸತ್ತೆ. ಬಿಡಿಸಿ ನೋಡಿ. ಮೊದಲ ದಿನವೇ 26,379.75 ವಾಪಸ್ ಕೊಟ್ಟಿದ್ದರಿಂದ ನಿಜವಾಗಿ ನಿಮ್ಮ ಹತ್ರ ಇರೋ ಸಾಲ 73,620.25 ಮಾತ್ರ, ಅದಕ್ಕೆ ಮುಂದಿನ ನಾಲ್ಕು ವರ್ಷ ವರ್ಷಕ್ಕೆ 26,379.75 ಕಟ್ಟೋದು. ಯಾವ ದರದಲ್ಲಿ ಈ ನಾಲ್ಕು ಕಂತಿನ ಬೆಲೆ 73,620.25 ಆಗತ್ತೆ ಅಂತ ಹುಡುಕಿದ್ರೆ ಸುಮಾರು 16.1% ಬರತ್ತೆ. ಹತ್ತು ಅಂತ ಬರೆದದ್ದು ಹದಿನಾರು ದಾಟಿದೆ, ಯಾವ ಅಂಕಿನೂ ತಿದ್ದದೆ, ಬರೀ ದಿನಾಂಕ ಜರುಗಿಸಿ. ಪ್ರೆಸೆಂಟ್ ವ್ಯಾಲ್ಯೂ ವ್ಯತ್ಯಾಸ ಒಂದು ಕಂತನ್ನ ದಾಟಲ್ಲ ಅಂತ ಮೇಲೆ ಹೇಳಿದ್ದು ನಿಜ, ಆದ್ರೆ ಕಂತುಗಳು ಕಮ್ಮಿ ಇದ್ದಾಗ ಆ ಒಂದು ಕಂತೇ ಸಾಲದ ದೊಡ್ಡ ಪಾಲು, ದರದ ಮೇಲೆ ಹೊಡೆತ ಬೀಳೋದು ಅದಕ್ಕೇ.

ಹಾಗಾದ್ರೆ ಯಾವ್ದು ಯಾವ್ದು ಅಂತ ಗುರುತಿಸೋದು ಹೇಗೆ. ಸಾಮಾನ್ಯವಾಗಿ ಸಾಲದ ಕಂತು, ಬಾಂಡಿನ ಕೂಪನ್ ಅವಧಿ ಮುಗಿದ್ಮೇಲೆ ಬರತ್ತೆ, ಅವು ಆರ್ಡಿನರಿ. ಬಾಡಿಗೆ, ಲೀಸ್, ಇನ್ಶೂರೆನ್ಸ್ ಪ್ರೀಮಿಯಂ ಹೆಚ್ಚಾಗಿ ಮುಂಗಡ, ಅವು ಡ್ಯೂ. ಆದ್ರೆ ಹೆಸರು ನಂಬ್ಕೊಂಡು ಹೋಗ್ಬೇಡಿ, ಲೀಸ್ ಅಂದ್ರೆ ಡ್ಯೂನೇ ಅಂತ ಎಲ್ಲೂ ಬರೆದಿಲ್ಲ, ಒಪ್ಪಂದದಲ್ಲಿ ಮೊದಲ ಕಂತಿನ ದಿನಾಂಕ ನೋಡಿ, ಅದನ್ನ ಬೆಲೆ ಕಟ್ಟೋ ದಿನಾಂಕದ ಪಕ್ಕ ಇಡಿ. ಎರಡೂ ಒಂದೇ ದಿನ ಆದ್ರೆ ಡ್ಯೂ, ಸರಿಯಾಗಿ ಒಂದು ಅವಧಿ ಅಂತರ ಇದ್ರೆ ಆರ್ಡಿನರಿ, ಅದಕ್ಕಿಂತ ದೂರ ಇದ್ರೆ ಮೇಲೆ ಗುರುತು 2ರಿಂದ ಹಿಂದಕ್ಕೆ ತಂದ್ವಲ್ಲ ಹಾಗೆ. ಪ್ರಶ್ನೆಪತ್ರಿಕೆಯಲ್ಲಿ ದಿನಾಂಕ ಇರಲ್ಲ, "ಇವತ್ತಿಂದಲೇ ಶುರು", "ತಕ್ಷಣ", "ಮುಂಗಡವಾಗಿ" ಅನ್ನೋ ಪದ ಕಂಡ್ರೆ ಡ್ಯೂ, ಏನೂ ಹೇಳಿಲ್ಲ ಅಂದ್ರೆ ಆರ್ಡಿನರಿ ಅಂತ ತಗೊಳ್ಳೋದು ರೂಢಿ. ನಿಮ್ಮ ಪ್ರಶ್ನೆಯಲ್ಲೂ ಅಂಥದ್ದೊಂದು ಪದ ಇದ್ದೇ ಇರತ್ತೆ, ತಿರುಗಿ ಓದಿ ನೋಡಿ.

ಕೊನೇದಾಗಿ ಮೆಷೀನುಗಳು. ಎಕ್ಸೆಲ್‌ನಲ್ಲಿ `PV`, `FV`, `PMT` ಮೂರರಲ್ಲೂ ಕೊನೇ ಜಾಗ `type`, ಖಾಲಿ ಬಿಟ್ರೆ 0 ಅಂತ ಅಂದ್ರೆ ಆರ್ಡಿನರಿ ಅಂತ ತಗೊಳ್ಳತ್ತೆ, ಡ್ಯೂ ಬೇಕಂದ್ರೆ 1 ಹಾಕ್ಬೇಕು. ಅದರ ಹಿಂದಿನ ಜಾಗ ಫ್ಯೂಚರ್ ವ್ಯಾಲ್ಯೂದು (`FV` ಫಂಕ್ಷನ್‌ನಲ್ಲಾದ್ರೆ ಪ್ರೆಸೆಂಟ್ ವ್ಯಾಲ್ಯೂದು), ಅದನ್ನ ಬಿಟ್ಟು ನೇರ 1 ಹಾಕಿದ್ರೆ ಎಕ್ಸೆಲ್ ಆ 1ನ್ನ ಹಣ ಅಂತ ತಿಳ್ಕೊಂಡು ಉತ್ತರದಲ್ಲಿ ಬರೀ ಚಿಲ್ಲರೆ ಆಚೆ ಈಚೆ ಮಾಡತ್ತೆ, ಎರರ್ ತೋರಿಸಲ್ಲ. ಹಾಗಾಗಿ ಸೊನ್ನೆ ಮರೀಬೇಡಿ.

```
=PV(10%,5,-10000,0,0)    37,907.87
=PV(10%,5,-10000,0,1)    41,698.65
=FV(10%,5,-10000,0,1)    67,156.10
=PMT(10%,5,-100000,0,1)  23,981.59
```

ಫೈನಾನ್ಶಿಯಲ್ ಕ್ಯಾಲ್ಕುಲೇಟರ್ ಇದ್ರೆ ಬಿಎ ಟು ಪ್ಲಸ್‌ನಲ್ಲಿ ಡ್ಯೂ ಮೋಡ್ ಆನ್ ಇದ್ದಾಗ ಮೇಲೆ ಸಣ್ಣಗೆ `BGN` ಅಂತ ಕಾಣ್ಸತ್ತೆ, ಎಚ್‌ಪಿ 12ಸಿ ಆದ್ರೆ `BEGIN` ಅಂತ. ಆರ್ಡಿನರಿ ಮೋಡಲ್ಲಿ ಎರಡರಲ್ಲೂ ಏನೂ ಕಾಣ್ಸಲ್ಲ. ಆಫ್ ಮಾಡಿ ಆನ್ ಮಾಡಿದ್ರೂ ಆ ಮೋಡ್ ಹಾಗೇ ಇರತ್ತೆ, ಹಾಗಾಗಿ ಒಂದು ಡ್ಯೂ ಲೆಕ್ಕ ಮಾಡಿ ಎತ್ತಿಟ್ರೆ ಮುಂದಿನ ಆರ್ಡಿನರಿ ಲೆಕ್ಕಗಳೂ ಒಂದು ಅವಧಿ ಬಡ್ಡಿಯಷ್ಟು ತಪ್ಪು ತೋರಿಸ್ತಾ ಹೋಗ್ತವೆ, ಬೆಲೆ ಜಾಸ್ತಿ, ಕಂತು ಕಮ್ಮಿ. ನಿಮ್ಮ ಉತ್ತರಕ್ಕೂ ಸರಿ ಉತ್ತರಕ್ಕೂ ಅನುಪಾತ ತೆಗೆದು ನೋಡಿ, ಅದು ಸರಿಯಾಗಿ 1+r ಬಂದ್ರೆ ಫಾರ್ಮುಲಾ ಹುಡುಕೋ ಕಷ್ಟ ಬೇಡ, ಮೋಡ್ ನೋಡಿ. ನಿಮ್ಮದೇ ತಗೊಳ್ಳಿ, 41,699ನ 37,908ರಿಂದ ಭಾಗಿಸಿದ್ರೆ 1.10.

ಎಕ್ಸೆಲ್‌ನ `NPV` ಫಂಕ್ಷನ್ ಮಾತ್ರ ಇವರ ಸಾಲಿಗೆ ಸೇರಲ್ಲ, ಅದಕ್ಕೆ `type` ಅನ್ನೋದೇ ಇಲ್ಲ. ಸೆಲ್‌ಗಳಲ್ಲಿ ಮೊದಲಿರೋ ಅಂಕಿನೂ ಒಂದು ಅವಧಿ ಮುಗಿದ್ಮೇಲೆ ಬರೋದು ಅಂತಲೇ ತಗೊಂಡು ಅದನ್ನೂ ಭಾಗಿಸಿಬಿಡತ್ತೆ. ಡ್ಯೂ ಲೆಕ್ಕಕ್ಕೆ ಅದನ್ನ ಬಳಸೋದಾದ್ರೆ ಇವತ್ತಿನ ಕಂತನ್ನ ಹೊರಗಿಟ್ಟು ಉಳಿದ ನಾಲ್ಕಕ್ಕೆ ಮಾತ್ರ `NPV` ಹಾಕಿ, ಆಮೇಲೆ 10,000ನ ಹಾಗೇ ಕೂಡಿಸಿ, 31,698.65ಕ್ಕೆ 10,000 ಸೇರಿ 41,698.65 ಬರತ್ತೆ.